6.6 ಕೆವಿ ನ್ಯೂಟ್ರಲ್‌ಗೆ ನೇರ ಅರ್ತಿಂಗೋ, ರೆಸಿಸ್ಟರೋ, ರಿಯಾಕ್ಟರೋ?

ಪ್ರಶ್ನೆ (ಸಿಮೆಂಟ್ ಕಾರ್ಖಾನೆ, ಇಲೆಕ್ಟ್ರಿಕಲ್ ಮೇಂಟೆನೆನ್ಸ್):
ನಮ್ಮದು ಕಲಬುರಗಿ ಕಡೆಯ ಸಿಮೆಂಟ್ ಕಾರ್ಖಾನೆ. ಹೊಸ ಟ್ರಾನ್ಸ್‌ಫಾರ್ಮರ್ ಬರ್ತಿದೆ: 10 ಎಂವಿಎ, 33/6.6 ಕೆವಿ, ಡೆಲ್ಟಾ-ಸ್ಟಾರ್, ಇಂಪಿಡೆನ್ಸ್ 8%. ಲೋಡ್ ಎಲ್ಲಾ ಮೋಟರ್‌ಗಳೇ, ಕೇಬಲ್ ಒಟ್ಟು 5 ಕಿ.ಮೀ. ಆಗಬಹುದು. ನ್ಯೂಟ್ರಲ್‌ಗೆ 400 ಆಂಪ್‌ನ ರೆಸಿಸ್ಟರ್ ಅಂತ ಬರೆದಿದ್ದೆ. ಒಬ್ಬ ಸಪ್ಲೈಯರ್ "ಅದೇ 400 ಆಂಪ್‌ಗೆ ರಿಯಾಕ್ಟರ್ ಕೊಡ್ತೀವಿ, ಬಿಸಿಯಾಗಲ್ಲ, ಜಾಗಾನೂ ಕಮ್ಮಿ" ಅಂತಿದ್ದಾರೆ. ಫಾಲ್ಟ್ ಕರೆಂಟ್ ಒಂದೇ ಆದ್ರೆ ಏನು ವ್ಯತ್ಯಾಸ? ಸುಮ್ನೆ ನೇರವಾಗಿ ಅರ್ತ್ ಮಾಡಿದ್ರೆ ಏನು ತಪ್ಪು?

ಸಬ್‌ಸ್ಟೇಷನ್ ಆಪರೇಟರ್:
ನೇರ ಅರ್ತಿಂಗೇ ಮಾಡಿ ಸರ್. ನಮ್ಮ ರಾಜ್ಯದ 66, 110, 220 ಕೆವಿ ಎಲ್ಲಾ ಹಾಗೇ ಇದೆ. ಫಾಲ್ಟ್ ಆದಾಗ ಉಳಿದ ಎರಡು ಫೇಸ್‌ಗಳ ವೋಲ್ಟೇಜ್ ಹೆಚ್ಚು ಏರಲ್ಲ, ರಿಲೇಗೆ ಕರೆಂಟ್ ಧಾರಾಳ ಸಿಗುತ್ತೆ, ಟಕ್ ಅಂತ ಟ್ರಿಪ್. ನಡುವೆ ಇನ್ನೊಂದು ಪೆಟ್ಟಿಗೆ ಯಾಕೆ ಬೇಕು?

ಮೋಟರ್ ರಿವೈಂಡಿಂಗ್ ಶಾಪ್ ನಡೆಸುವವರು:
ಅಣ್ಣಾ, ಲೈನ್‌ಗೆ ಅದು ಸರಿ. ಮೋಟರ್‌ಗೆ ಅಲ್ಲ. ನೇರ ಅರ್ತ್ ಇರೋ ಒಂದು ಪ್ಲಾಂಟ್‌ನಿಂದ ನಮ್ಮಲ್ಲಿಗೆ 6.6 ಕೆವಿ ಮೋಟರ್ ಬಂದಿತ್ತು. ಸ್ಲಾಟ್ ಒಳಗೆ ಕಾಯಿಲ್ ಅರ್ತ್ ಆಗಿದ್ದ ಜಾಗದಲ್ಲಿ ಸ್ಟ್ಯಾಂಪಿಂಗ್‌ಗಳು ಕರಗಿ ಒಂದಕ್ಕೊಂದು ಬೆಸೆದುಕೊಂಡಿದ್ದವು. ಹಲ್ಲು ಕೂಡ ಅರ್ಧ ಹೋಗಿತ್ತು. ಕಾಯಿಲ್ ಬದಲಿಸೋದು ಕಷ್ಟವಲ್ಲ. ಆದರೆ ಬೆಸೆದುಕೊಂಡ ಕೋರ್ ಹಾಗೇ ಬಿಟ್ಟರೆ ಅಲ್ಲೇ ಮತ್ತೆ ಬಿಸಿಯಾಗಿ ಹೊಸ ಇನ್ಸುಲೇಷನ್ ಸುಡುತ್ತೆ. ಕೋರ್ ಬಿಚ್ಚಿ ಮತ್ತೆ ಜೋಡಿಸಬೇಕಾಯ್ತು. ರೆಸಿಸ್ಟರ್ ಇರೋ ಕಡೆಯಿಂದ ಬರೋ ಮೋಟರ್‌ಗಳಲ್ಲಿ ಕೋರ್ ಮೇಲೆ ಹೆಚ್ಚಂದ್ರೆ ಒಂದು ಸುಟ್ಟ ಚುಕ್ಕೆ ಇರುತ್ತೆ, ಫೈಲ್ ಹಾಕಿ ತೆಗೀಬಹುದು.

ಪ್ರೊಟೆಕ್ಷನ್ ಎಂಜಿನಿಯರ್ (ಕನ್ಸಲ್ಟೆಂಟ್):
ಮೊದಲು ಕರೆಂಟ್ ನೋಡೋಣ. ನಿಮ್ಮ ಟ್ರಾನ್ಸ್‌ಫಾರ್ಮರ್‌ನ ಫುಲ್ ಲೋಡ್ 6.6 ಕೆವಿ ಕಡೆ 875 ಆಂಪ್. ಇಂಪಿಡೆನ್ಸ್ 8% ಅಂದ್ರೆ ಮೂರು ಫೇಸ್ ಫಾಲ್ಟ್ ಸುಮಾರು 10.9 ಕಿಲೋ ಆಂಪ್. 33 ಕೆವಿ ಕಡೆಯ ಇಂಪಿಡೆನ್ಸ್ ಬಿಟ್ಟು ಲೆಕ್ಕ ಹಾಕಿದ್ದೇನೆ, ಸೇರಿಸಿದರೆ ಸ್ವಲ್ಪ ಇಳಿಯುತ್ತೆ. ಡೆಲ್ಟಾ-ಸ್ಟಾರ್‌ನಲ್ಲಿ ನೇರ ಅರ್ತ್ ಮಾಡಿದರೆ ಅರ್ತ್ ಫಾಲ್ಟ್ ಕೂಡ ಅಷ್ಟೇ, ಕೆಲವೊಮ್ಮೆ ಸ್ವಲ್ಪ ಜಾಸ್ತಿಯೇ ಬರುತ್ತೆ. 11 ಕಿಲೋ ಆಂಪ್ ಅಂತ ಇಟ್ಟುಕೊಳ್ಳಿ. 400 ಆಂಪ್‌ಗೆ ಹೋಲಿಸಿದರೆ ಇದು 27 ಪಟ್ಟು ಜಾಸ್ತಿ. ಬಿಸಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುವುದರಿಂದ, ಟ್ರಿಪ್ ಸಮಯ ಒಂದೇ ಆದರೂ 750 ಪಟ್ಟು ವ್ಯತ್ಯಾಸ. ರಿವೈಂಡಿಂಗ್ ಶಾಪ್‌ನ ಅಣ್ಣ ನೋಡಿದ್ದು ಇದನ್ನೇ. ಇನ್ನೊಂದು ವಿಷಯ. ಮೋಟರ್ ಫೀಡರ್‌ನಲ್ಲಿ ವ್ಯಾಕ್ಯೂಮ್ ಕಾಂಟ್ಯಾಕ್ಟರ್ ಇದ್ದರೆ ಅದು ಕೆಲವು ಸಾವಿರ ಆಂಪ್ ಮಾತ್ರ ಕಡಿಯಬಲ್ಲದು. 11 ಕಿಲೋ ಆಂಪ್ ಬಂದರೆ ಫ್ಯೂಸೇ ಹೋಗಬೇಕು. 400 ಆಂಪ್ ಆದರೆ ಕಾಂಟ್ಯಾಕ್ಟರ್ ನೆಮ್ಮದಿಯಾಗಿ ತೆಗೆಯುತ್ತೆ.

ಹಾಗಾಗಿ ಕರೆಂಟ್ ಇಳಿಸಬೇಕು, ಅದರಲ್ಲಿ ಎರಡು ಮಾತಿಲ್ಲ. ಪ್ರಶ್ನೆ ಇರೋದು ಯಾವುದರಿಂದ ಇಳಿಸೋದು ಅಂತ. ಫೇಸ್ ವೋಲ್ಟೇಜ್ 3810. ಅದನ್ನು 400ರಿಂದ ಭಾಗಿಸಿದರೆ 9.5 ಓಂ. ರಿಯಾಕ್ಟರ್ ಆದರೂ ಹೆಚ್ಚುಕಮ್ಮಿ ಅಷ್ಟೇ ಓಂ. ಆ್ಯಮ್‌ಮೀಟರ್‌ಗೆ ಎರಡೂ ಒಂದೇ. ಕೇಬಲ್‌ಗೆ ಒಂದೇ ಅಲ್ಲ.

ಅರ್ತ್ ಫಾಲ್ಟ್ ಸಾಮಾನ್ಯವಾಗಿ ಒಂದೇ ಸಲಕ್ಕೆ ಗಟ್ಟಿಯಾಗಿ ಹಿಡಿಯಲ್ಲ. ಟರ್ಮಿನೇಷನ್‌ನಲ್ಲೋ ಸ್ಲಾಟ್‌ನಲ್ಲೋ ಆರ್ಕ್ ಹೊತ್ತುತ್ತೆ, ಕರೆಂಟ್ ಸೊನ್ನೆಗೆ ಬಂದಾಗ ಆರುತ್ತೆ, ಮತ್ತೆ ಹೊತ್ತುತ್ತೆ. ಪ್ರತಿ ಸಲ ಆರಿದಾಗಲೂ ಮೂರೂ ಫೇಸ್‌ಗಳ ಕೇಬಲ್‌ಗಳು ಅರ್ತ್‌ಗೆ ಎದುರಾಗಿ ಒಂದಿಷ್ಟು ಚಾರ್ಜ್ ಹಿಡಿದುಕೊಂಡು ಕೂರುತ್ತವೆ. ಆ ಚಾರ್ಜ್ ಹೋಗಲು ದಾರಿ ಇಲ್ಲದಿದ್ದರೆ ಮುಂದಿನ ಅರ್ಧ ಸೈಕಲ್‌ನ ವೋಲ್ಟೇಜ್ ಅದರ ಮೇಲೆ ಕೂಡಿಕೊಳ್ಳುತ್ತೆ, ಮತ್ತೆ ಆರ್ಕ್ ಹೊಡೆಯುತ್ತೆ. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತೆ. ನ್ಯೂಟ್ರಲ್ ತೇಲುತ್ತಿರುವ ಸಿಸ್ಟಮ್‌ನಲ್ಲಿ ಇದು ಫೇಸ್ ವೋಲ್ಟೇಜಿನ 5-6 ಪಟ್ಟು ತನಕ ಹೋಗಬಹುದು ಅಂತ ಲೆಕ್ಕ ಇದೆ.

ಈಗ ನಿಮ್ಮ ಕೇಬಲ್. 6.6 ಕೆವಿ ಎಕ್ಸ್‌ಎಲ್‌ಪಿಇ, 240 ಚದರ ಮಿ.ಮೀ. ಅಂದುಕೊಂಡರೆ ಕಿಲೋಮೀಟರ್‌ಗೆ 1.8 ಆಂಪ್‌ನಷ್ಟು ಚಾರ್ಜಿಂಗ್ ಕರೆಂಟ್. 5 ಕಿ.ಮೀ.ಗೆ 9. ಮೋಟರ್ ಟರ್ಮಿನಲ್‌ನ ಸರ್ಜ್ ಕೆಪ್ಯಾಸಿಟರ್‌ಗಳನ್ನೂ ಸೇರಿಸಿ 12 ಆಂಪ್ ಅನ್ನೋಣ. ರೆಸಿಸ್ಟರ್‌ನ ನಿಯಮ ಸರಳ: ಅದರಲ್ಲಿ ಹರಿಯುವ ಕರೆಂಟ್ ಚಾರ್ಜಿಂಗ್ ಕರೆಂಟಿಗಿಂತ ಕಮ್ಮಿ ಇರಬಾರದು. ಸರಿಯಾಗಿ 12 ಆಂಪ್‌ನ ರೆಸಿಸ್ಟರ್ ಹಾಕಿದರೂ ಟೈಮ್ ಕಾನ್‌ಸ್ಟೆಂಟ್ 3.2 ಮಿಲಿಸೆಕೆಂಡ್. ಅರ್ಧ ಸೈಕಲ್ 10 ಮಿಲಿಸೆಕೆಂಡ್. ಅಷ್ಟರಲ್ಲಿ ನಿಂತ ಚಾರ್ಜ್‌ನಲ್ಲಿ 4% ಮಾತ್ರ ಉಳಿದಿರುತ್ತೆ. ಮುಂದಿನ ಹೊಡೆತಕ್ಕೆ ಕೂಡಿಕೊಳ್ಳಲು ಏನೂ ಇರಲ್ಲ. ಅದಕ್ಕೇ ಟ್ರಾನ್ಸಿಯೆಂಟ್ 2.5 ಪಟ್ಟಿನೊಳಗೆ ನಿಲ್ಲುತ್ತೆ ಅಂತ ಹೇಳೋದು. ನಿಮ್ಮ 400 ಆಂಪ್‌ನಲ್ಲಿ ಅದು ಮೈಕ್ರೊಸೆಕೆಂಡ್‌ಗಳ ಮಾತು.

ರಿಯಾಕ್ಟರ್ ಚಾರ್ಜ್ ಅನ್ನು ಸುಟ್ಟು ಹಾಕಲ್ಲ, ಕೇಬಲ್‌ಗೇ ವಾಪಸ್ ಕೊಡುತ್ತೆ. ಜೋಕಾಲಿ ಹಾಗೆ ಅತ್ತಿಂದಿತ್ತ ತೂಗುತ್ತೆ. ನಿಮ್ಮ 9 ಓಂ ಚಿಲ್ಲರೆ ರಿಯಾಕ್ಟರ್ ಅಂದ್ರೆ 29 ಮಿಲಿಹೆನ್ರಿ. ಅದು 10 ಮೈಕ್ರೊಫ್ಯಾರಡ್ ಕೇಬಲ್ ಜೊತೆ ಸೇರಿ ಸುಮಾರು 290 ಹರ್ಟ್ಸ್‌ನಲ್ಲಿ ತೂಗುತ್ತೆ. ಅರ್ಧ ಸೈಕಲ್‌ನಲ್ಲಿ ಮೂರು ಸುತ್ತು. ಆ ತೂಗಾಟದ ತುದಿಯಲ್ಲೇ ಆರ್ಕ್ ಮತ್ತೆ ಹೊತ್ತಿದರೆ ವೋಲ್ಟೇಜ್ ಮೇಲೇರುತ್ತೆ. "ಬಿಸಿಯಾಗಲ್ಲ" ಅಂತ ಸಪ್ಲೈಯರ್ ಹೇಳಿದ್ದು ನಿಜ. ಆದರೆ ನಮಗೆ ಬೇಕಾಗಿರೋದು ಆ ಬಿಸಿಯೇ.

ರಿಯಾಕ್ಟರ್ ಸುರಕ್ಷಿತವಾಗಿರಬೇಕಾದರೆ X0/X1 ಹತ್ತನ್ನು ಮೀರಬಾರದು ಅಂತ ರೂಢಿ. ಅಂದ್ರೆ ಅರ್ತ್ ಫಾಲ್ಟ್ ಕರೆಂಟ್ ಮೂರು ಫೇಸ್ ಕರೆಂಟಿನ 25% ಆದರೂ ಇರಬೇಕು, 60% ಇದ್ದರೆ ಒಳ್ಳೇದು. ನಿಮ್ಮಲ್ಲಿ 25% ಅಂದ್ರೆ 2.7 ಕಿಲೋ ಆಂಪ್. 400 ಆಂಪ್‌ನ ರಿಯಾಕ್ಟರ್‌ನಲ್ಲಿ ಆ ಅನುಪಾತ 80 ಆಗುತ್ತೆ! ವೋಲ್ಟೇಜ್ ಅಂಕೆಯಲ್ಲಿಡಲು ರೆಸಿಸ್ಟರ್‌ಗೆ 12 ಆಂಪ್ ಸಾಕು, ರಿಯಾಕ್ಟರ್‌ಗೆ 2,700 ಬೇಕು. ಸಪ್ಲೈಯರ್‌ಗೆ ಇದೊಂದನ್ನೇ ಕೇಳಿ.

400 ಕೆವಿ ಸ್ಟೇಷನ್‌ನವರು:
ಮೇಡಂ, ನಮ್ಮ ಯಾರ್ಡ್‌ನಲ್ಲಿ ನ್ಯೂಟ್ರಲ್‌ಗೆ ರಿಯಾಕ್ಟರೇ ಇದೆ. ವರ್ಷಗಟ್ಟಲೆ ನಡೀತಿದೆ, ಏನೂ ತೊಂದರೆ ಇಲ್ಲ. ರಿಯಾಕ್ಟರ್ ಅಂದ್ರೆ ಅಪಾಯ ಅಂತ ಹೇಳೋದು ಸರಿಯಲ್ಲ.

ಪ್ರೊಟೆಕ್ಷನ್ ಎಂಜಿನಿಯರ್:
ಸರ್, ಅದು ಲೈನ್ ಶಂಟ್ ರಿಯಾಕ್ಟರ್‌ನ ನ್ಯೂಟ್ರಲ್. ಟ್ರಾನ್ಸ್‌ಫಾರ್ಮರ್‌ನದ್ದಲ್ಲ. ಒಂದೇ ಫೇಸ್ ಟ್ರಿಪ್ ಆಗಿ ಆಟೋ ರೀಕ್ಲೋಸ್ ಆಗುವ ಮೊದಲು, ಪಕ್ಕದ ಫೇಸ್‌ಗಳಿಂದ ಬರುವ ಕರೆಂಟ್ ಆರ್ಕ್ ಅನ್ನು ಜೀವಂತ ಇಡುತ್ತಲ್ಲ, ಅದನ್ನು ಆರಿಸಲು ಹಾಕಿದ್ದು. ನಿಮ್ಮ 400 ಕೆವಿ ಸಿಸ್ಟಮ್ ನೇರ ಅರ್ತಿಂಗೇ. ಆದರೂ ನಿಮ್ಮ ಮಾತಿನಲ್ಲಿ ಸತ್ಯ ಇದೆ, ರಿಯಾಕ್ಟರ್‌ಗೆ ಅದರದ್ದೇ ಜಾಗ ಇದೆ. ಜನರೇಟರ್ ನ್ಯೂಟ್ರಲ್ ನೇರ ಅರ್ತ್ ಮಾಡಿದರೆ ಅರ್ತ್ ಫಾಲ್ಟ್ ಕರೆಂಟ್ ಮೂರು ಫೇಸ್ ಕರೆಂಟನ್ನೂ ಮೀರುತ್ತೆ. ವೈಂಡಿಂಗ್‌ನ ಕಟ್ಟು ಅಷ್ಟಕ್ಕೆ ತಯಾರಾಗಿರಲ್ಲ. ಅಲ್ಲಿ ಚಿಕ್ಕ ರಿಯಾಕ್ಟರ್ ಹಾಕಿ ಮೂರು ಫೇಸ್ ಮಟ್ಟಕ್ಕೆ ಇಳಿಸುತ್ತಾರೆ. ಇನ್ನೊಂದು ತುದಿ ಪೀಟರ್ಸನ್ ಕಾಯಿಲ್. ಚಾರ್ಜಿಂಗ್ ಕರೆಂಟಿಗೆ ಸರಿಯಾಗಿ ಟ್ಯೂನ್ ಮಾಡಿದರೆ ಫಾಲ್ಟ್ ಜಾಗದಲ್ಲಿ ಕರೆಂಟೇ ಉಳಿಯಲ್ಲ, ಆರ್ಕ್ ತಾನೇ ಆರುತ್ತೆ. ಯುರೋಪಿನ ಓವರ್‌ಹೆಡ್ ಲೈನ್‌ಗಳಲ್ಲಿ ಇದು ಚೆನ್ನಾಗಿ ನಡೆಯುತ್ತೆ. ಒಂದು ಸಲ ತೂತು ಬಿದ್ದ ಕೇಬಲ್ ಅಥವಾ ಮೋಟರ್ ಇನ್ಸುಲೇಷನ್ ಮಾತ್ರ ತಾನಾಗಿ ಸರಿಹೋಗಲ್ಲ. ಎರಡು ತುದಿಗಳಲ್ಲೂ ರಿಯಾಕ್ಟರ್ ಒಳ್ಳೇದೇ. ನಡುವಿನ 400 ಆಂಪ್ ಜಾಗವೇ ಕೆಟ್ಟದ್ದು.

ಕೇಳಿದವರು:
ಮೇಡಂ, 12 ಆಂಪ್ ಸಾಕಾದ್ರೆ 400 ಯಾಕೆ? 100 ಅಂತ ಬರೆಯಲಾ? ಕೋರ್ ಇನ್ನೂ ಉಳಿಯುತ್ತೆ ಅಲ್ವಾ?

ಪ್ರೊಟೆಕ್ಷನ್ ಎಂಜಿನಿಯರ್:
400 ಬಂದಿದ್ದು ರಿಲೇಗಾಗಿ. ಮೋಟರ್ ವೈಂಡಿಂಗ್‌ನಲ್ಲಿ ಸ್ಟಾರ್ ಪಾಯಿಂಟ್‌ನಿಂದ 10% ದೂರದಲ್ಲಿ ಫಾಲ್ಟ್ ಆದರೆ ಹರಿಯೋದು 400ರ 10%, ಅಂದ್ರೆ 40 ಆಂಪ್. 100ರ ರೆಸಿಸ್ಟರ್ ಆದರೆ 10 ಆಂಪ್. ಪ್ರತಿ ಫೀಡರ್‌ಗೂ ಕೋರ್ ಬ್ಯಾಲೆನ್ಸ್ ಸಿಟಿ ಇದ್ದರೆ 10 ಆಂಪ್ ಹಿಡಿಯಬಹುದು. ಇನ್‌ಕಮರ್‌ನಲ್ಲಿ 1000/1 ಸಿಟಿಗಳನ್ನು ರೆಸಿಡ್ಯುಯಲ್ ಆಗಿ ಜೋಡಿಸಿದ್ದರೆ ಆಗಲ್ಲ. ನಿಮ್ಮ ಪ್ಯಾನೆಲ್ ಡ್ರಾಯಿಂಗ್ ನೋಡಿ. ನಾನಾದರೆ 400ರಲ್ಲೇ ನಿಲ್ಲುತ್ತೇನೆ.

ರಿಲೇ ಟೆಸ್ಟಿಂಗ್ ಮಾಡುವವರು:
ನಾನು ಒಪ್ಪಲ್ಲ ಮೇಡಂ. ಹೊಸ ಪ್ಯಾನೆಲ್‌ಗಳಲ್ಲಿ ಕೋರ್ ಬ್ಯಾಲೆನ್ಸ್ ಸಿಟಿ ಹೇಗೂ ಬರುತ್ತೆ. 100 ಆಂಪ್‌ನಲ್ಲಿ ಸೆಟ್ಟಿಂಗ್ ಮಾಡಿ ಚೆನ್ನಾಗಿ ನಡೆಯೋದನ್ನ ನೋಡಿದ್ದೇನೆ.

ಪ್ರೊಟೆಕ್ಷನ್ ಎಂಜಿನಿಯರ್:
ಮೋಟರ್‌ಗೆ ನಿಮ್ಮ ಮಾತು ಸರಿ. ಟ್ರಾನ್ಸ್‌ಫಾರ್ಮರ್‌ನ ಸ್ಟಾರ್ ವೈಂಡಿಂಗ್ ಒಳಗಿನ ಫಾಲ್ಟ್‌ಗೆ ನನಗೆ ಧೈರ್ಯ ಸಾಲದು.

ಕೇಳಿದವರಿಗೆ, ರೆಸಿಸ್ಟರ್ ಎಷ್ಟೇ ಇರಲಿ, ಮೂರು ವಿಷಯ ಬಿಡಬೇಡಿ. 6.6 ಕೆವಿ ಕಡೆ 400 ಆಂಪ್ ಹರಿದರೆ 33 ಕೆವಿ ಕಡೆ ಕಾಣಿಸೋದು 46 ಆಂಪ್ ಮಾತ್ರ, ಅಲ್ಲಿನ ಫುಲ್ ಲೋಡೇ 175. ಹಿಂದಿನ ಓವರ್ ಕರೆಂಟ್ ರಿಲೇಗೆ ಗೊತ್ತೇ ಆಗಲ್ಲ. ಆದ್ದರಿಂದ ನ್ಯೂಟ್ರಲ್ ಸಿಟಿಗೆ ಸ್ಟ್ಯಾಂಡ್‌ಬೈ ಅರ್ತ್ ಫಾಲ್ಟ್ ರಿಲೇ ಇರಲೇಬೇಕು. ಅದು ರೆಸಿಸ್ಟರ್‌ನ 10 ಸೆಕೆಂಡ್ ರೇಟಿಂಗ್ ಮುಗಿಯುವ ಮೊದಲೇ 33 ಕೆವಿ ಬ್ರೇಕರ್ ತೆಗೆಯಬೇಕು. 15 ಲಕ್ಷ ವಾಟ್ ಅದರಲ್ಲಿ ಸುಡುತ್ತಿರುತ್ತೆ. ಎರಡನೆಯದು ಸರ್ಜ್ ಅರೆಸ್ಟರ್. ರೆಸಿಸ್ಟರ್ ಇದ್ದಾಗ ಫಾಲ್ಟ್ ತೆಗೆಯುವವರೆಗೆ ಒಳ್ಳೆ ಫೇಸ್‌ಗಳು ಅರ್ತ್‌ಗೆ ಪೂರ್ತಿ 6.6 ಕೆವಿ ನೋಡುತ್ತವೆ. ನೇರ ಅರ್ತಿಂಗ್‌ಗೆ ಆರಿಸಿದ ಅರೆಸ್ಟರ್ ಹಾಕಿದರೆ ಅದೇ ಮೊದಲು ಹೋಗುತ್ತೆ.

ಮೂರನೆಯದನ್ನು ಜನ ಮರೆಯುತ್ತಾರೆ. ರೆಸಿಸ್ಟರ್‌ನ ಗ್ರಿಡ್ ಅಥವಾ ಒಳಗಿನ ಜೋಡಣೆ ತುಕ್ಕು ಹಿಡಿದು ಕಡಿದರೆ ಯಾವ ಅಲಾರಂ ಕೂಡ ಬರಲ್ಲ. ಪ್ಲಾಂಟ್ ಎಂದಿನಂತೆ ನಡೆಯುತ್ತೆ, ಆದರೆ ನ್ಯೂಟ್ರಲ್ ತೇಲುತ್ತಿರುತ್ತೆ. ಆಗ ಅರ್ತ್ ಫಾಲ್ಟ್ ಆದರೆ ರಿಲೇಗೆ ಕರೆಂಟ್ ಇಲ್ಲ, ಟ್ರಾನ್ಸಿಯೆಂಟ್‌ಗೆ ತಡೆ ಇಲ್ಲ. ಒಂದು ಮೋಟರ್ ಅರ್ತ್ ಆದ ಹೊತ್ತಿಗೇ ಬೇರೆ ಫೀಡರ್‌ನ ಇನ್ನೊಂದು ಮೋಟರ್ ಅಥವಾ ಟರ್ಮಿನೇಷನ್ ಹೋದರೆ ಮೊದಲು ನ್ಯೂಟ್ರಲ್ ಪೆಟ್ಟಿಗೆ ತೆರೆದು ನೋಡಿ. ಪ್ರತಿ ಶಟ್‌ಡೌನ್‌ನಲ್ಲೂ ನ್ಯೂಟ್ರಲ್ ಬುಷಿಂಗ್‌ನಿಂದ ಅರ್ತ್ ಪಟ್ಟಿಯವರೆಗೆ ಓಂ ಅಳೆದು 9.5ರ ಹತ್ತಿರ ಇದೆಯಾ ಅಂತ ಬರೆದಿಡಿ.

ಕೇಳಿದವರು:
ಹಳೆ ಟ್ರಾನ್ಸ್‌ಫಾರ್ಮರ್‌ನ ರೆಸಿಸ್ಟರ್ ಕೂಡ ಮುಂದಿನ ಕಿಲ್ನ್ ಶಟ್‌ಡೌನ್‌ನಲ್ಲಿ ಅಳೀತೀನಿ ಮೇಡಂ. ಅದರಲ್ಲಿ ಸ್ಟ್ಯಾಂಡ್‌ಬೈ ರಿಲೇ ಟ್ರಿಪ್‌ಗೆ ಕೊಟ್ಟಿದ್ದಾರೋ ಬರೀ ಅಲಾರಂಗೋ, ಅದನ್ನೂ ನೋಡಬೇಕು.