ಅಪ್‌ಡೇಟ್: ಯುದ್ಧ ಮುಗಿಸಿ ಮನೆಗೆ ಬಂದ ಸೈನಿಕನ ಪದ್ಯ

ನನ್ನ ಪ್ರಶ್ನೆ: "ಮಡಿಕೇರಿ ಶಾಲೆಯ ಏಳನೇ ತರಗತಿಗೆ, ದೀರ್ಘ ಯುದ್ಧದ ನಂತರ ಊರಿಗೆ ಮರಳುವ ಸೈನಿಕನ ಬಗ್ಗೆ ಕಂಠಪಾಠಕ್ಕೆ ಪದ್ಯ ಬೇಕು. ಯಾವ ಲಯ ಸರಿ?"

ಐದು ಮಾತ್ರೆಯ ಗಣ ಸರಿಹೋಯಿತು. ಮೊದಲ ಪದ್ಯ ಹೀಗಿದೆ:

ಬೆಟ್ಟದಾ ತಿರುವಿನಲಿ ಬಸ್ಸೊಂದು ನಿಂತಿತು
ಹಳೆಚೀಲ ಹೆಗಲಲ್ಲಿ, ಇಳಿದನವ ಮೆಲ್ಲಗೆ
ಐನ್‌ಮನೆಯ ಹೊಸ್ತಿಲಲಿ ಅವ್ವನೇ ನಿಂತಳು
ಹೆಸರನ್ನು ಕರೆಯಲಿಕೆ ದನಿ ಮಾತ್ರ ಬಾರದು

ಕೊಡಗಿನಲ್ಲಿ ರೈಲು ಇಲ್ಲ, ಅದಕ್ಕೇ ಬಸ್ಸು. ಐನ್‌ಮನೆ ಎಂದರೆ ಕೊಡವ ಕುಟುಂಬದ ಹಿರಿಯರ ಕಾಲದ ಮೂಲ ಮನೆ.

ಪ್ರತಿ ಸಾಲಿನಲ್ಲಿ ಮೂರು ಗಣಕ್ಕೆ ಐದೈದು ಮಾತ್ರೆ, ಕೊನೆಯದಕ್ಕೆ ನಾಲ್ಕೇ. ಉಳಿದ ಒಂದು ಮಾತ್ರೆ ಉಸಿರಿಗೆ. ಮಕ್ಕಳು 'ನಿಂತಿತೂ' ಎಂದು ಎಳೆದರೆ ಆ ಜಾಗ ಹೋಗುತ್ತದೆ, ಮೂರನೇ ಸಾಲಿನ ಹೊತ್ತಿಗೆ ಏದುಸಿರು ಬರುತ್ತದೆ. ಗಣದ ಮೊದಲ ಅಕ್ಷರಕ್ಕೊಂದು ಚಪ್ಪಾಳೆ ತಟ್ಟಿಸಿದರೆ ತಪ್ಪು ತಕ್ಷಣ ಗೊತ್ತಾಗುತ್ತದೆ: ಎಳೆದವರ ಚಪ್ಪಾಳೆ ಹಿಂದೆ ಬೀಳುತ್ತದೆ.

ಹೆಚ್ಚು ಗಮನ ಬೇಕಾದದ್ದು 'ಇಳಿದನವ'. ಐದೂ ಅಕ್ಷರ ಲಘು, ಹಾಗಾಗಿ ನಾಲಿಗೆ ತಾನಾಗಿಯೇ ಓಡುತ್ತದೆ. ದಣಿದು ಬಂದವನು ಹಾರಿ ಇಳಿದಂತೆ ಕೇಳಿಸುತ್ತದೆ! ಮೊದಲ 'ಇ'ಯನ್ನು ಒತ್ತಿ ಹೇಳಿಸಿ, 'ಮೆಲ್ಲಗೆ'ಯ ಒತ್ತಕ್ಷರದ ಮೇಲೆ ಊರಿ ನಿಲ್ಲಿಸಿದರೆ ವೇಗ ತಗ್ಗುತ್ತದೆ. 'ಐನ್‌ಮನೆಯ' ಎಂಬಲ್ಲಿ 'ಅಯಿನು' ಅಂದರೆ ಒಂದು ಮಾತ್ರೆ ಹೆಚ್ಚಾಗಿ ಸಾಲು ಎಡವುತ್ತದೆ, 'ನ್' ಅರ್ಧಕ್ಕೇ ನಿಲ್ಲಬೇಕು.

ಕೊನೆಯ ಸಾಲಿನಲ್ಲಿ 'ದನಿ ಮಾತ್ರ' ಆದ ಮೇಲೆ ಒಂದು ಪೂರ್ತಿ ಗಣದಷ್ಟು ಮೌನ, ನಂತರ 'ಬಾರದು'. ಗುಂಪಾಗಿ ಹೇಳುವಾಗ ಈ ಮೌನ ಒಡೆಯುತ್ತದೆ, ಒಬ್ಬರಲ್ಲ ಒಬ್ಬರು ಮೊದಲೇ ಶುರುಮಾಡುತ್ತಾರೆ. ಆ ಒಂದು ಪದವನ್ನು ಒಬ್ಬಳೇ ಹುಡುಗಿಗೆ ಬಿಟ್ಟುಕೊಡುವುದೇ ಒಳ್ಳೆಯದು.