ಅಪ್‌ಡೇಟ್: ಹಾಸನದ ಟೂರಿಸಂ ಫಿಲ್ಮ್‌ಗೆ ಹೇಮಾವತಿಯೇ ದಾರಿ

ನಾನು ಕೇಳಿದ್ದು: "ಹಾಸನ ಜಿಲ್ಲೆಯ ನಾಲ್ಕು ನಿಮಿಷದ ಫಿಲ್ಮ್, ಜಾಗಗಳ ಪಟ್ಟಿ ಆಗಬಾರದು. ಹೇಗೆ ಕಟ್ಟಲಿ?"

ಬೆಂಗಳೂರಿನ ಎಡಿಟ್ ರೂಮಲ್ಲಿ ಫೈನಲ್ ಕಟ್ ಆಯ್ತು. ಒಬ್ಬ ಹುಡುಗಿ ಸಕಲೇಶಪುರದಿಂದ ಕಾಫಿಪುಡಿ ಹಿಡಿದು ಹೊಳೆನರಸೀಪುರದ ಅಜ್ಜಿ ಮನೆಗೆ ಹೊರಡ್ತಾಳೆ. ಎರಡೂ ಊರು ಹೇಮಾವತಿ ದಂಡೆಯಲ್ಲೇ ಇವೆ. ನಡುವೆ ಹೇಮಾವತಿ ಹಿನ್ನೀರಿನಲ್ಲಿರುವ ಶೆಟ್ಟಿಹಳ್ಳಿಯ ಪಾಳು ಚರ್ಚು, ಗೊರೂರು ಅಣೆಕಟ್ಟು ತಾವಾಗಿಯೇ ಸಿಗುತ್ತವೆ.

ಬೇಲೂರು ಬಿಡೋ ಹಾಗಿರಲಿಲ್ಲ. ಅದು ಯಗಚಿ ದಂಡೆಯ ಊರು, ಯಗಚಿ ಗೊರೂರಿನ ಹತ್ತಿರ ಹೇಮಾವತಿಗೆ ಸೇರುತ್ತೆ. ಅದಕ್ಕೆ ಅಲ್ಲಿ ಅತ್ತೆ ಮನೆ ಇಟ್ಟೆವು. ಹುಡುಗಿ ಬಸ್ಸಿಗೆ ಕಾಯುವ ಹೊತ್ತಲ್ಲಿ ದೇವಸ್ಥಾನಕ್ಕೆ ಹೋಗ್ತಾಳೆ, ಒಂದೇ ಮದನಿಕೆಯ ಮುಂದೆ ನಿಲ್ತಾಳೆ. ಕ್ಯಾಮೆರಾನೂ ಅಲ್ಲೇ ನಿಲ್ಲುತ್ತೆ. ಎಲ್ಲಾ ಶಿಲ್ಪ ತೋರಿಸಲು ಹೋದರೆ ಮತ್ತೆ ಪಟ್ಟಿಯೇ, ಅಲ್ವಾ?

ಹಳೇಬೀಡು, ಶ್ರವಣಬೆಳಗೊಳ ಈ ದಾರಿಗೆ ಬರಲಿಲ್ಲ. ಸುಮ್ನೆ ತುರುಕಲಿಲ್ಲ. ಕೊನೆಯ ಮ್ಯಾಪಿನಲ್ಲಿ ಹೆಸರು, ಜೊತೆಗೆ ಬೇರೆಯಾಗಿ ಚಿಕ್ಕ ರೀಲ್ಸ್. ಫಿಲ್ಮ್ ಮಾಡಿಸಿದ ಕಚೇರಿಯವರು ಒಪ್ಪಿದ್ದು ಇದಕ್ಕೇ.

ಜಾಸ್ತಿ ಕಾಡಿದ್ದು ನೀರಿನ ಮಟ್ಟ. ಮಳೆಗಾಲ ಮುಗಿಯುವಾಗ ಚರ್ಚು ಅರ್ಧ ಮುಳುಗಿರುತ್ತೆ, ಬೇಸಿಗೆಯಲ್ಲಿ ಒಳಗೆ ನಡೆದೇ ಹೋಗಬಹುದು. ಎರಡೂ ಸೇರಿದರೆ ಒಂದೇ ದಿನದ ಪಯಣ ಅನ್ನೋದು ಒಡೆಯುತ್ತೆ. ಹಾಗಾಗಿ ಬೇರೆ ಕಾಲದ ಹಳೇ ಡ್ರೋನ್ ಶಾಟ್ ಎಷ್ಟೇ ಚೆನ್ನಾಗಿದ್ದರೂ ಬಿಟ್ಟೆವು. ಗಿಡ-ಗದ್ದೆಯ ಹಸಿರೂ ಎಲ್ಲಾ ಶಾಟಲ್ಲಿ ಒಂದೇ ಕಾಲದ್ದಾಗಿರಬೇಕು, ಇದೇ ಲೆಕ್ಕ.

ರಫ್ ಕಟ್‌ನಲ್ಲಿ ಎರಡು ಸೀನ್ ಅದಲುಬದಲು ಮಾಡಿ ಗೆಳೆಯನಿಗೆ ತೋರಿಸಿದೆ. "ಗೊರೂರು ದಾಟಿ ಮತ್ತೆ ಸಕಲೇಶಪುರದ ಸೇತುವೆ ಯಾಕೆ ಬಂತು?" ಅಂದ. ಕ್ರಮ ಹಿಡಿದಿದೆ ಅಂತ ಗೊತ್ತಾಗಿದ್ದು ಆಗಲೇ. ಈಗ ಸೌಂಡ್ ಮಿಕ್ಸ್ ನಡೀತಿದೆ.