ಅಪ್‌ಡೇಟ್: ಮರಳಿನಲ್ಲಿ ಸ್ಟ್ರಿಪ್ ಫೂಟಿಂಗ್, 268 ಸರಿಯೋ 352 ಸರಿಯೋ?

ನನ್ನ ಪ್ರಶ್ನೆ: "1.5 ಮೀ ಅಗಲ, 1 ಮೀ ಆಳದ ಸ್ಟ್ರಿಪ್ ಫೂಟಿಂಗ್. ಮರಳಿನ φ 30°, ಮಳೆಗಾಲದಲ್ಲಿ ನೀರು ನೆಲಮಟ್ಟಕ್ಕೇ ಬರುತ್ತದೆ. ಅಂತಿಮ ಧಾರಣ ಸಾಮರ್ಥ್ಯ ನನಗೆ 268 kPa, ಗೆಳೆಯನಿಗೆ 352. ಯಾರದ್ದು ತಪ್ಪು?"

ತಪ್ಪು ನನ್ನದೇ. ನೀರಿನ ಪರಿಣಾಮವನ್ನು ಎರಡು ಸಲ ಕಳೆದಿದ್ದೆ.

IS 6403ರಲ್ಲಿ ಈ ಕೋನಕ್ಕೆ Nq = 18.4, Nγ = 22.4. ಮರಳಿಗೆ c ಸೊನ್ನೆ, ಹಾಗಾಗಿ ಉಳಿಯುವುದು ಎರಡೇ ಪದ. q ಎಂದರೆ ತಳದ ಮೇಲಿನ ಮಣ್ಣಿನ ಭಾರ, W' ಎಂದರೆ ನೀರಿಗಾಗಿ ಮಾಡುವ ಕಡಿತ. ಕೆಳಗಿನ ಎರಡೂ ಸಾಲಿನಲ್ಲಿ W' = 1, ಮಣ್ಣಿನ ತೂಕ γ ಮಾತ್ರ 18ರಿಂದ 10ಕ್ಕೆ ಇಳಿದಿದೆ:

```
qu = q·Nq + 0.5·B·γ·Nγ·W'
ಆಳದ ನೀರು   : 18×1×18.4 + 0.5×1.5×18×22.4 = 634
ನೆಲಮಟ್ಟದ ನೀರು: 10×1×18.4 + 0.5×1.5×10×22.4 = 352
```

ಎರಡನೇ ಪದದಲ್ಲಿ ಮುಳುಗಿದ ಮಣ್ಣಿನ ತೂಕ 10 ಹಾಕಿದ ಮೇಲೂ W' = 0.5 ಗುಣಿಸಿದ್ದೆ, 168 ಇರಬೇಕಾದದ್ದು 84 ಆಯಿತು. W' ಬಳಸುವುದಾದರೆ γ ಪೂರ್ಣವಾಗಿರಬೇಕು, ಎರಡರಲ್ಲಿ ಒಂದೇ.

ಇದಕ್ಕಿಂತ ಅಪಾಯದ್ದು ಉಲ್ಟಾ ತಪ್ಪು: W' ಹಾಕಿ, q ಅನ್ನು 18ರಲ್ಲೇ ಬಿಡುವುದು. ಆಗ ಸುಮಾರು 480 ಬರುತ್ತದೆ. ನೀರು ಫೂಟಿಂಗ್ ತಳದಲ್ಲೇ ನಿಂತಿದ್ದರೆ ಅದು ಹೆಚ್ಚುಕಡಿಮೆ ಸರಿ, ಏಕೆಂದರೆ ಮೇಲಿನ ಮಣ್ಣು ನೀರಿನಲ್ಲಿ ಮುಳುಗಿರುವುದಿಲ್ಲ. ತಳದಿಂದ B ಆಳಕ್ಕೂ ಕೆಳಗಿದ್ದರೆ ಕಡಿತವೇ ಬೇಡ.

ಬೇಸಿಗೆಯಲ್ಲಿ ಕೊರೆದ ಬೋರ್‌ಹೋಲ್‌ನ ನೀರಿನ ಮಟ್ಟ ನಂಬಬೇಡಿ. 352ರಿಂದ 10 ಕಳೆದು 3ರಿಂದ ಭಾಗಿಸಿದರೆ ನೆಟ್ ಸೇಫ್ 114 kPa. ಕುಸಿತದ ಲೆಕ್ಕ ಇನ್ನೂ ಬಾಕಿ.